ಒಂದೇ ಕೈಗೆ ಒಗ್ಗುವ ಕೀಲಿಮಣೆ

ನುಡಿ ತಂತ್ರಾಂಶದಲ್ಲಿ ‘ಮಾರಾಟಗಾರರು’ ಎಂದು ಟೈಪ್ ಮಾಡಲು ಹತ್ತು ಸಲ ಕೀಲಿ ಒತ್ತಬೇಕು: `m A r A q g A r r u`. ಆ ಹತ್ತರಲ್ಲಿ ಮೂರು ದೊಡ್ಡಕ್ಷರಗಳು. ಅಂದರೆ ಮೂರು ಸಲ ಒಂದು ಬೆರಳು ಶಿಫ್ಟ್ ಹಿಡಿದುಕೊಂಡಿರಬೇಕು, ಇನ್ನೊಂದು ಬೆರಳು `A` ಒತ್ತಬೇಕು. ‘ಖರೀದಿದಾರರು’ ಎಂಬುದರಲ್ಲೂ ಮೂರು ಶಿಫ್ಟ್. ‘ಸಂಖ್ಯೆ’ಯ ಆರು ಒತ್ತುಗಳಲ್ಲಿ ಎರಡು, ‘ದಿನಾಂಕ’ದ ಆರರಲ್ಲೂ ಎರಡು. ಇಂಗ್ಲಿಷ್ ಟೈಪ್ ಮಾಡುವವರಿಗೆ ವಾಕ್ಯದ ಮೊದಲಿಗೋ ಹೆಸರಿನ ಮೊದಲಿಗೋ ಶಿಫ್ಟ್ ಬೇಕಾಗುತ್ತದೆ, ಅಷ್ಟೆ. ನಮಗೆ ದೀರ್ಘ ಬಂದರೆ ಶಿಫ್ಟ್, ಸೊನ್ನೆ ಬಂದರೆ ಶಿಫ್ಟ್, ಮಹಾಪ್ರಾಣ, ಣ, ಳ, ಶ ಏನು ಬಂದರೂ ಶಿಫ್ಟ್.

ಇದು ಆ ವಿನ್ಯಾಸದ ದೋಷವೇನಲ್ಲ. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಅಳವಡಿಸಿದ ಈ ವಿನ್ಯಾಸದ ಜಾಣತನವೇ ಅಲ್ಲಿದೆ. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂರುತ್ತದೆ, ಉಚ್ಚಾರಣೆಗೆ ಹತ್ತಿರವಾಗಿರುವುದರಿಂದ ಕಲಿಯುವುದೂ ಸುಲಭ. ಅದಕ್ಕೆ ತೆರಬೇಕಾದ ಬೆಲೆ ಶಿಫ್ಟ್. ಎರಡೂ ಕೈ ಗಟ್ಟಿಯಾಗಿರುವವರಿಗೆ ಈ ಬೆಲೆ ತೆರುತ್ತಿದ್ದೇವೆಂಬುದೇ ತಿಳಿಯುವುದಿಲ್ಲ. ಎಡಗೈ ಕೆಲಸ ನಿಲ್ಲಿಸಿದ ದಿನ ತಿಳಿಯುತ್ತದೆ.

ನನಗೆ ಪರಿಚಯದ ಒಬ್ಬರು ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಕ್ರಯಪತ್ರ, ದಾನಪತ್ರ, ಪ್ರಮಾಣಪತ್ರ ಇವೇ ದಿನದ ಕೆಲಸ. ಲಕ್ವ ಹೊಡೆದು ಚೇತರಿಸಿಕೊಂಡ ಮೇಲೆ ಎಡಗೈ ಮುಷ್ಟಿಯನ್ನು ಎತ್ತಿ ಇಳಿಸುವಷ್ಟು ಬಲ ಬಂದಿದೆ, ಬೆರಳುಗಳು ಮಾತು ಕೇಳುವುದಿಲ್ಲ. ಬಲಗೈಯೊಂದರಿಂದಲೇ ಟೈಪ್ ಮಾಡಲು ಕೂತಾಗ ವೇಗ ಕಡಿಮೆಯಾಗುವುದೆಂದು ಅವರು ಎಣಿಸಿಯೇ ಇದ್ದರು. ಎಣಿಸದೇ ಇದ್ದದ್ದು ದೀರ್ಘದ ಸಮಸ್ಯೆ. “ಸಾರ್, ‘ಕ’ ಬರುತ್ತೆ, ‘ಕಾ’ ಬರಲ್ಲ” ಅಂದರು. ಬಲಗಡೆಯ ಶಿಫ್ಟ್ ಮೇಲೆ ಕಿರುಬೆರಳಿಟ್ಟರೆ ಅದೇ ಕೈಯ ಇನ್ನೊಂದು ಬೆರಳು ಎಡ ತುದಿಯಲ್ಲಿರುವ `A`ಯನ್ನು ಮುಟ್ಟಲಾರದು. ಕೈಯನ್ನು ಎಡಕ್ಕೊಯ್ದು ಅಲ್ಲಿನ ಶಿಫ್ಟಿನೊಡನೆ `A` ಒತ್ತಬಹುದು. ಆದರೆ ‘ಮಾರಾಟಗಾರರು’ ಮುಗಿಯುವಷ್ಟರಲ್ಲಿ ಕೈ ಮೂರು ಸಲ ಹೋಗಿ ಬಂದಿರುತ್ತದೆ, ಮಣಿಕಟ್ಟು ಪ್ರತಿಸಲವೂ ತಿರುಚಿಕೊಂಡಿರುತ್ತದೆ.

ಇಲ್ಲಿಂದ ಮುಂದಿನ ಎಲ್ಲ ಪರಿಹಾರಗಳೂ ಒಂದೇ ಸಂಗತಿಯ ಮೇಲೆ ನಿಂತಿವೆ. ಕೀಲಿಮಣೆಗೆ ಅಕ್ಷರ ಗೊತ್ತಿಲ್ಲ. `A` ಎಂದು ಮುದ್ರಿಸಿರುವ ಗುಂಡಿ ಒತ್ತಿದಾಗ ತಂತಿಯಲ್ಲಿ ಹೋಗುವುದು ಆ ಜಾಗದ ಒಂದು ಸಂಖ್ಯೆ, ಜೊತೆಗೆ ಶಿಫ್ಟ್ ಕೆಳಗಿದೆಯೋ ಮೇಲಿದೆಯೋ ಎಂಬ ಸುದ್ದಿ. ಅದನ್ನು ಇಂಗ್ಲಿಷಿನ ‘ಎ’ ಎಂದು ಓದಬೇಕೋ, ಕನ್ನಡದ ದೀರ್ಘವೆಂದು ಓದಬೇಕೋ ಎಂದು ತೀರ್ಮಾನಿಸುವುದು ಕಂಪ್ಯೂಟರ್. ಹೀಗಾಗಿ ಗುಂಡಿಯ ಅರ್ಥವನ್ನು ಎರಡು ಕಡೆ ಬದಲಿಸಬಹುದು. ಒಂದು, ಕಂಪ್ಯೂಟರ್ ಒಳಗೆ ಸಂಖ್ಯೆ ಬಂದ ಮೇಲೆ. ಇನ್ನೊಂದು, ಕೀಲಿಮಣೆಯ ಒಳಗೇ, ಸಂಖ್ಯೆ ಹೊರಡುವ ಮೊದಲು. ಯಾವುದನ್ನು ಎಲ್ಲಿ ಬದಲಿಸಬೇಕೆಂದು ಅರಿತರೆ ಅರ್ಧ ಕೆಲಸ ಮುಗಿಯಿತು.

ಮೊದಲು ಕಾಸು ಖರ್ಚಿಲ್ಲದ ದಾರಿ. ಶಿಫ್ಟನ್ನು ಸತತವಾಗಿ ಐದು ಸಲ ಒತ್ತಿದರೆ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ. ಆಟವಾಡುವ ಹುಡುಗರೆಲ್ಲ ಶಪಿಸುವ ಪ್ರಶ್ನೆ ಅದು. ಅದರ ಹಿಂದಿರುವುದು ಸ್ಟಿಕಿ ಕೀಸ್ ಎಂಬ ಸೌಲಭ್ಯ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದಲ್ಲಿ 1980ರ ದಶಕದಲ್ಲಿ ಅಂಗವಿಕಲರಿಗಾಗಿ ರೂಪುಗೊಂಡ ಇಂಥ ಸೌಲಭ್ಯಗಳು ವಿಂಡೋಸ್ 95ರ ಹೊತ್ತಿಗೆ ಅದರ ಒಳಗೇ ಸೇರಿದ್ದವು. ‘ಹೌದು’ ಎಂದು ಉತ್ತರಿಸಿದರೆ ಶಿಫ್ಟನ್ನು ಹಿಡಿದುಕೊಳ್ಳುವ ಅಗತ್ಯವಿಲ್ಲ. ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಒಂದು ಕೀಲಿಗೆ ಅದು ಅಂಟಿಕೊಳ್ಳುತ್ತದೆ. ಕಂಟ್ರೋಲ್, ಆಲ್ಟ್ ಕೀಲಿಗಳೂ ಹಾಗೆಯೇ.

ನಮ್ಮ ಟೈಪಿಂಗ್ ಅಂಗಡಿಯವರಿಗೆ ‘ಕಾ’ ಬಂದದ್ದು ಹೀಗೆ. ಆದರೆ ಎರಡು ತೊಂದರೆ ಕಾಣಿಸಿದವು. ಶಿಫ್ಟನ್ನು ಎರಡು ಸಲ ಒತ್ತಿದರೆ ಅದು ಬೀಗ ಹಾಕಿದಂತೆ ನಿಂತುಬಿಡುತ್ತದೆ, ಮೂರನೆಯ ಸಲ ಒತ್ತುವವರೆಗೂ ಬಿಡುವುದಿಲ್ಲ. ಆಗ ಪರದೆಯ ಮೇಲೆ ಕ ಇದ್ದಲ್ಲೆಲ್ಲ ಖ, ದ ಇದ್ದಲ್ಲೆಲ್ಲ ಧ ಬರತೊಡಗುತ್ತದೆ. ಮಹಾಪ್ರಾಣಗಳ ಸುರಿಮಳೆ ಕಂಡರೆ ಇದೇ ಕಾರಣವೆಂದು ತಿಳಿಯಿರಿ. ಎರಡನೆಯದು, ಅಂಗಡಿಯ ಸಹಾಯಕ ಹುಡುಗ ಪ್ರಿಂಟ್ ಕೊಡಲು ಬಂದು ಕಂಟ್ರೋಲ್ ಮತ್ತು `P` ಎರಡನ್ನೂ ಒಟ್ಟಿಗೆ ಒತ್ತಿದೊಡನೆ ಸ್ಟಿಕಿ ಕೀಸ್ ತಾನಾಗಿಯೇ ಆಫ್ ಆಗುತ್ತಿತ್ತು. ಎರಡು ಕೀಲಿಯನ್ನು ಕೂಡಿಸಿ ಒತ್ತಬಲ್ಲವರಿಗೆ ಈ ಸೌಲಭ್ಯ ಬೇಡವೆಂದು ವಿಂಡೋಸ್ ಊಹಿಸುತ್ತದೆ. ಸೆಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಭಾಗದಲ್ಲಿ ಕೀಬೋರ್ಡ್ ತೆರೆದು, ಎರಡು ಕೀಲಿ ಒಟ್ಟಿಗೆ ಒತ್ತಿದರೆ ಆಫ್ ಮಾಡು ಎಂಬ ಗುರುತನ್ನು ತೆಗೆದುಹಾಕಬೇಕು. ಒಂದೇ ಕಂಪ್ಯೂಟರನ್ನು ಇಬ್ಬರು ಬಳಸುವ ಕಡೆ ಇದನ್ನು ಮರೆಯುವಂತಿಲ್ಲ.

ಆದರೂ ‘ಮಾರಾಟಗಾರರು’ ಈಗ ಹದಿಮೂರು ಒತ್ತು. ಪ್ರತಿ ದೀರ್ಘಕ್ಕೂ ಎರಡೆರಡು. ಇದನ್ನು ಮತ್ತೆ ಹತ್ತಕ್ಕಿಳಿಸಬೇಕಾದರೆ ಕೀಲಿಯ ಅರ್ಥವನ್ನೇ ಬದಲಿಸಬೇಕು. ಕ್ರಯಪತ್ರದಲ್ಲಿ ಚೌಕ ಕಂಸ ಬರುವುದು ಎಲ್ಲೋ ಅಪರೂಪಕ್ಕೆ. `[` ಮತ್ತು `]` ಎರಡೂ ಬಲಗೈ ಕಿರುಬೆರಳ ಪಕ್ಕದಲ್ಲೇ ಇವೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಎಂಬ ತಂತ್ರಾಂಶದಲ್ಲಿ ಕೀಬೋರ್ಡ್ ಮ್ಯಾನೇಜರ್ ಎಂಬ ಭಾಗವಿದೆ. ಅಲ್ಲಿ ಎಡಗಡೆ `[` ಎಂದೂ ಬಲಗಡೆ `Shift` ಮತ್ತು `A` ಎಂದೂ ಕೊಟ್ಟರೆ ಮುಗಿಯಿತು, ಆ ಕಂಸದ ಗುಂಡಿ ಇನ್ನು ದೀರ್ಘದ ಗುಂಡಿ. ಹಾಗೆಯೇ `]`ಗೆ `Shift` ಮತ್ತು `M`, ಅಂದರೆ ಸೊನ್ನೆ. ಕನ್ನಡದಲ್ಲಿ ಶಿಫ್ಟ್ ಬೇಡುವ ಅಕ್ಷರಗಳಲ್ಲಿ ಹೆಚ್ಚು ಕಾಡುವವು ಈ ಎರಡೇ. ಉಳಿದ ಖ, ಘ, ಣ, ಳಗಳಿಗೆ ಸ್ಟಿಕಿ ಕೀಸ್ ಸಾಕು. ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೊರಡುವವರು ಮೂರನೆಯ ದಿನಕ್ಕೆ ಯಾವ ಗುಂಡಿ ಯಾವುದೆಂದು ಮರೆತು ಕೈಬಿಡುತ್ತಾರೆ. ಎರಡು ಕೀಲಿ ಬದಲಿಸಿ, ಕೈಗೆ ಕೂತ ಮೇಲೆ ಮೂರನೆಯದರ ಯೋಚನೆ ಮಾಡುವುದು ಒಳ್ಳೆಯದು.

ಇಲ್ಲೊಂದು ತೊಡಕುಂಟು. ಪವರ್‌ಟಾಯ್ಸ್ ಕೀಲಿಯನ್ನು ಹಿಡಿಯುವುದು ಅದು ಕಂಪ್ಯೂಟರ್ ಒಳಗೆ ಬಂದ ಮೇಲೆ. ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಕೆಲವು ಮಾಡುವುದೂ ಅದನ್ನೇ. ಒಂದೇ ಬಾಗಿಲಲ್ಲಿ ಇಬ್ಬರು ಕಾವಲುಗಾರರು ನಿಂತ ಹಾಗೆ, ಯಾರ ಕೈಗೆ ಮೊದಲು ಸಿಕ್ಕಿತು ಎಂಬುದರ ಮೇಲೆ ಫಲ ನಿಂತಿದೆ. ಪರೀಕ್ಷಿಸುವುದು ಸುಲಭ. ನೋಟ್‌ಪ್ಯಾಡ್ ತೆರೆದು, ಕನ್ನಡ ಆಫ್ ಮಾಡಿ `[` ಒತ್ತಿ. ದೊಡ್ಡ `A` ಬರಬೇಕು. ಕನ್ನಡ ಆನ್ ಮಾಡಿ `k` ಮತ್ತು `[` ಒತ್ತಿ. ‘ಕಾ’ ಬರಬೇಕು. ಮೊದಲನೆಯದು ಸರಿಯಾಗಿ ಬಂದು ಎರಡನೆಯದರಲ್ಲಿ ಕಂಸವೇ ಬಂದರೆ, ಅಥವಾ ಹ್ರಸ್ವವೇ ಉಳಿದರೆ, ಕನ್ನಡ ತಂತ್ರಾಂಶ ಮೊದಲು ಹಿಡಿದಿದೆ ಎಂದರ್ಥ. ಎರಡು ತಂತ್ರಾಂಶಗಳನ್ನೂ ಮುಚ್ಚಿ, ತೆರೆಯುವ ಕ್ರಮ ಬದಲಿಸಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಬದಲಾವಣೆಯನ್ನು ಕೀಲಿಮಣೆಯ ಒಳಕ್ಕೇ ಒಯ್ಯಬೇಕು. ಪವರ್‌ಟಾಯ್ಸ್‌ಗೆ ಇನ್ನೂ ಒಂದು ಮಿತಿ ಇದೆ. ಅದು ಓಡುತ್ತಿರುವಾಗ ಮಾತ್ರ ಕೆಲಸ ಮಾಡುತ್ತದೆ. ಲಾಗಿನ್ ಪರದೆಯಲ್ಲಿ ಹಳೆಯ ಕಂಸವೇ ಬರುತ್ತದೆ, ಪಾಸ್‌ವರ್ಡ್ ತಪ್ಪಾದರೆ ಗಾಬರಿಯಾಗಬೇಡಿ.

ಒಳಗಿನಿಂದ ಬದಲಿಸಬಹುದಾದ ಕೀಲಿಮಣೆಗಳು ಈಗ ಸಾಕಷ್ಟು ಸಿಗುತ್ತವೆ. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶವನ್ನು ಹೊಟ್ಟೆಯಲ್ಲಿಟ್ಟುಕೊಂಡವು ಇವು. ಕೊಳ್ಳುವಾಗ ‘ವಯಾ’ ಬೆಂಬಲವಿದೆಯೇ ಎಂದು ಕೇಳಿ. ಇದ್ದರೆ ಕ್ರೋಮ್ ಬ್ರೌಸರಿನಲ್ಲೇ ಕೀಲಿಮಣೆಯ ಚಿತ್ರ ತೆರೆದು, ಗುಂಡಿಯನ್ನು ಆರಿಸಿ, ಹೊಸ ಅರ್ಥ ಕೊಡಬಹುದು. ದೀರ್ಘದ ಗುಂಡಿಗೆ `LSFT(KC_A)`, ಸೊನ್ನೆಗೆ `LSFT(KC_M)`. ಒಂದು ಸಲ ಒತ್ತಿ ಬಿಡುವ ಶಿಫ್ಟ್ ಬೇಕಾದರೆ `OSM(MOD_LSFT)`. ಇವೆಲ್ಲ ಕೀಲಿಮಣೆಯ ಚಿಪ್ಪಿನಲ್ಲೇ ಉಳಿಯುತ್ತವೆ. ಅದನ್ನು ಯಾವ ಕಂಪ್ಯೂಟರಿಗೆ ಚುಚ್ಚಿದರೂ, ಲಾಗಿನ್ ಪರದೆಯಲ್ಲೂ, ಹೊಸ ತಂತ್ರಾಂಶ ಹಾಕಲು ಬಿಡದ ಸರ್ಕಾರಿ ಕಚೇರಿಯಲ್ಲೂ ಕೆಲಸ ಮಾಡುತ್ತವೆ. ಕನ್ನಡ ತಂತ್ರಾಂಶಕ್ಕೆ ಕಾಣುವುದು ಯಾರೋ ನಿಜವಾಗಿಯೂ ಶಿಫ್ಟ್ ಹಿಡಿದು `A` ಒತ್ತಿದ ಹಾಗೆ.

ಇಂಥ ಕೀಲಿಮಣೆ ಸಿಕ್ಕೊಡನೆ ಹಲವರಿಗೆ ಹೊಳೆಯುವ ಉಪಾಯವೆಂದರೆ ಸ್ಪೇಸ್ ಬಾರನ್ನು ಶಿಫ್ಟ್ ಮಾಡುವುದು. ತಟ್ಟಿದರೆ ಖಾಲಿ ಜಾಗ, ಒತ್ತಿ ಹಿಡಿದರೆ ಶಿಫ್ಟ್. ಹೆಬ್ಬೆರಳಿಗೆ ಬಲ ಹೆಚ್ಚು, ಕಿರುಬೆರಳು ನೋಯುವವರಿಗೆ ಇದು ನಿಜಕ್ಕೂ ವರ. ಆದರೆ ತಟ್ಟಿದ್ದೋ ಹಿಡಿದದ್ದೋ ಎಂದು ಕೀಲಿಮಣೆ ನಿರ್ಧರಿಸುವುದು ಸಮಯ ನೋಡಿ. ಕ್ಯೂಎಂಕೆಯಲ್ಲಿ ಮೊದಲೇ ಇಟ್ಟಿರುವ ಗಡುವು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಹೆಬ್ಬೆರಳು ಏಳುವುದು ಸ್ವಲ್ಪ ತಡವಾಗಿ ಅಷ್ಟರಲ್ಲಿ ಮುಂದಿನ ಕೀಲಿ ಬಿದ್ದರೆ ‘ಮನೆ ಕಟ್ಟಿ’ ಎಂಬುದು ‘ಮನೆಖಟ್ಟಿ’ ಆಗುತ್ತದೆ. ಖಾಲಿ ಜಾಗ ಮಾಯ, ಕ ಹೋಗಿ ಖ. ಇಂಗ್ಲಿಷಿನಲ್ಲಾದರೆ ಪದದ ನಡುವೆ ದೊಡ್ಡಕ್ಷರ ಎದ್ದು ಕಾಣುತ್ತದೆ. ಕನ್ನಡದಲ್ಲಿ ‘ದಾನ’ ‘ಧಾನ’ವಾಗಿ ಕೂತರೆ ಕಣ್ಣಿಗೆ ಬೀಳುವುದು ರಿಜಿಸ್ಟ್ರಾರ್ ಮೇಜಿನ ಮೇಲೆಯೇ. ಕೈ ನಿಧಾನವಾಗಿರುವವರು ಈ ಉಪಾಯ ಬಿಟ್ಟು ಒತ್ತಿ ಬಿಡುವ ಶಿಫ್ಟನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಗಡಿಯಾರದ ಜೊತೆ ಪೈಪೋಟಿ ಇರುವುದಿಲ್ಲ.

ಕೈ ನಡುಗುವವರ ಮಾತು ಬೇರೆ. ಅವರಿಗೆ ಕೀಲಿಯ ಜಾಗ ಬದಲಿಸಿ ಪ್ರಯೋಜನ ಕಡಿಮೆ, ಒಂದೇ ಕೀಲಿ ಎರಡು ಮೂರು ಸಲ ಬೀಳುವುದನ್ನು ತಡೆಯಬೇಕು. ವಿಂಡೋಸ್‌ನ ಫಿಲ್ಟರ್ ಕೀಸ್‌ನಲ್ಲಿ ಬೌನ್ಸ್ ಕೀಸ್ ಎಂಬ ಆಯ್ಕೆ ಇದಕ್ಕೇ ಇರುವುದು. ಅರ್ಧ ಸೆಕೆಂಡಿನೊಳಗೆ ಅದೇ ಕೀಲಿ ಮತ್ತೆ ಬಿದ್ದರೆ ಲೆಕ್ಕಕ್ಕಿಲ್ಲ. ಆದರೆ ‘ಮಾರಾಟಗಾರರು’ ಎಂಬಲ್ಲಿ `r` ಎರಡು ಸಲ ಬೇಕು. ನಡುವೆ ಒಂದು ಕ್ಷಣ ತಡೆಯದಿದ್ದರೆ ‘ಮಾರಾಟಗಾರು’ ಆಗುತ್ತದೆ. ‘ಕ್ಕ’, ‘ತ್ತ’ಗಳಿಗೆ ಈ ಭಯವಿಲ್ಲ, ನಡುವೆ ಒತ್ತಕ್ಷರದ `f` ಬರುತ್ತದಲ್ಲ.

ಇನ್ನು ಮ್ಯಾಕ್ರೋ ಗುಂಡಿಗಳು. ಪ್ರತಿ ಕ್ರಯಪತ್ರದ ಕೊನೆಗೆ ಆಸ್ತಿಯ ವಿವರ, ಚಕ್ಕುಬಂದಿ, ನಾಲ್ಕು ದಿಕ್ಕು, ಸಾಕ್ಷಿಗಳ ಜಾಗ ಬರಲೇಬೇಕು. ಒಂದು ಗುಂಡಿಗೆ ಇಷ್ಟನ್ನೂ ಕಟ್ಟಿಹಾಕಬಹುದು. ಮೂರು, ಆರು, ಒಂಬತ್ತು ಗುಂಡಿಗಳ ಪುಟ್ಟ ಮ್ಯಾಕ್ರೋ ಪ್ಯಾಡ್‌ಗಳು ಯುಎಸ್‌ಬಿಗೆ ಚುಚ್ಚುವಂಥವು ಸಿಗುತ್ತವೆ. ಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವುದು ಚಕ್ಕುಬಂದಿಯ ಸಾಲನ್ನು ಪ್ಯಾಡಿನೊಳಗೇ ರೆಕಾರ್ಡ್ ಮಾಡುವುದು. ಅಲ್ಲೇ ಎಡವುತ್ತಾರೆ. ಪ್ಯಾಡ್ ಕೂಡ ಒಂದು ಕೀಲಿಮಣೆಯೇ, ಅದಕ್ಕೂ ಕನ್ನಡ ಗೊತ್ತಿಲ್ಲ. ಅದು ನೆನಪಿಟ್ಟುಕೊಳ್ಳುವುದು `c k f k u b M d i` ಎಂಬ ಒತ್ತುಗಳನ್ನು ಮಾತ್ರ. ಗುಂಡಿ ಒತ್ತುವಾಗ ಕನ್ನಡ ಆಫ್ ಆಗಿದ್ದರೆ ಅದೇ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬಂದು ಬೀಳುತ್ತವೆ. ಇನ್‌ಸ್ಕ್ರಿಪ್ಟ್ ವಿನ್ಯಾಸ ಆನ್ ಆಗಿದ್ದರೆ ಓದಲಾಗದ ಬೇರೆಯೇ ಕನ್ನಡ ಬರುತ್ತದೆ.

ಗಟ್ಟಿಯಾದ ದಾರಿ ಎಂದರೆ ಪ್ಯಾಡಿಗೆ ಪಠ್ಯವನ್ನೇ ಕೊಡದಿರುವುದು. ನಮ್ಮ ಕೀಲಿಮಣೆಗಳಲ್ಲಿ `F12`ಕ್ಕೆ ನಿಲ್ಲುವ ಸಾಲು ಐಬಿಎಂನ ಹಳೆಯ ಕೆಲವು ಕೀಲಿಮಣೆಗಳಲ್ಲಿ `F24`ರವರೆಗೆ ಇತ್ತು. ವಿಂಡೋಸ್ ಆ ಹನ್ನೆರಡು ಕೀಲಿಗಳನ್ನು ಇವತ್ತಿಗೂ ಗುರುತಿಸುತ್ತದೆ. ಮೇಜಿನ ಮೇಲೆ ಅವಿಲ್ಲದ್ದರಿಂದ ಬೇರೆ ಯಾವ ಕೆಲಸಕ್ಕೂ ಅವು ತಗುಲಿಕೊಂಡಿರುವುದು ಕಡಿಮೆ. ಪ್ಯಾಡಿನ ಗುಂಡಿಗಳಿಗೆ `F13`, `F14` ಎಂದು ಹೆಸರು ಕೊಡಿ. ಕನ್ನಡ ಪಠ್ಯ ಕಂಪ್ಯೂಟರಿನಲ್ಲಿರಲಿ. ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶದ ಎರಡನೆಯ ಆವೃತ್ತಿಯಲ್ಲಿ ಅದನ್ನು ಹೀಗೆ ಬರೆಯಬಹುದು:

```
#Requires AutoHotkey v2.0
F13::SendText "ಚಕ್ಕುಬಂದಿ`nಪೂರ್ವಕ್ಕೆ:`nಪಶ್ಚಿಮಕ್ಕೆ:`nಉತ್ತರಕ್ಕೆ:`nದಕ್ಷಿಣಕ್ಕೆ:"
```

ಇಲ್ಲಿ `` `n `` ಎಂದರೆ ಎಂಟರ್. ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ಹೀಗೆ ಕಳಿಸಿದ ಪಠ್ಯ ನೇರವಾಗಿ ಯೂನಿಕೋಡ್ ಅಕ್ಷರಗಳಾಗಿಯೇ ಹೋಗುವುದರಿಂದ ಆ ಹೊತ್ತಿಗೆ ಯಾವ ವಿನ್ಯಾಸ ಆನ್ ಇದ್ದರೂ ವ್ಯತ್ಯಾಸವಾಗದು. ಆದರೆ ನಮ್ಮ ಡಿಟಿಪಿ ಲೋಕ ಇನ್ನೂ ಅರ್ಧ ಹಳೆಯ ನುಡಿ ಫಾಂಟುಗಳಲ್ಲೇ ಇದೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ, ಈ ಗುಂಡಿ ಒತ್ತಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಿಕೊಳ್ಳುತ್ತದೆ. ವರ್ಡ್‌ನಲ್ಲಾದರೆ ಆ ಸಾಲು ಮಾತ್ರ ಬೇರೆ ಫಾಂಟಿಗೆ ಜಿಗಿದು ಎದ್ದು ಕಾಣುತ್ತದೆ. ಹಳೆಯ ಫಾಂಟಿನ ಕಡತಕ್ಕೆ ಬೇಕಾದ ಪಠ್ಯವನ್ನು ಆ ಕಡತದಿಂದಲೇ ನಕಲು ಮಾಡಿ ಆಟೋಹಾಟ್‌ಕೀಯಲ್ಲಿ ಅಂಟಿಸಿಕೊಳ್ಳಬೇಕು. ನೋಡಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ, ಸರಿಯಾದ ಫಾಂಟಿನಲ್ಲಿ ಅದೇ ಚಕ್ಕುಬಂದಿ.

ಒಂದು ಮಾತು: ಹೆಸರು, ಸರ್ವೆ ನಂಬರ್, ಮೊತ್ತ ಇವನ್ನು ಮ್ಯಾಕ್ರೋದಲ್ಲಿ ಎಂದೂ ತುಂಬಬೇಡಿ, ಜಾಗ ಖಾಲಿ ಬಿಡಿ. ಹಳೆಯ ಪತ್ರವನ್ನೇ ತೆರೆದು ತಿದ್ದುವ ಅಂಗಡಿಗಳಲ್ಲಿ ಹಿಂದಿನ ಗಿರಾಕಿಯ ತಂದೆಯ ಹೆಸರು ಹೊಸ ಪತ್ರದಲ್ಲಿ ಉಳಿದುಬಿಡುವ ಅಪಾಯ ಯಾವಾಗಲೂ ಇದ್ದದ್ದೇ. ಖಾಲಿ ಚೌಕಟ್ಟು ಕೊಡುವ ಗುಂಡಿಯ ದೊಡ್ಡ ಲಾಭ ವೇಗವಲ್ಲ, ಇದನ್ನು ತಪ್ಪಿಸುವುದು. ಪಾಸ್‌ವರ್ಡನ್ನಂತೂ ಪ್ಯಾಡಿನಲ್ಲಿ ಇಡಲೇಬಾರದು. ಅದನ್ನು ಜೇಬಿಗೆ ಹಾಕಿಕೊಂಡು ಹೋದವನು ಮನೆಯಲ್ಲಿ ನೋಟ್‌ಪ್ಯಾಡ್ ತೆರೆದು ಗುಂಡಿ ಒತ್ತಿದರೆ ಸಾಕು, ಎಲ್ಲ ಬಯಲು.

ನಮ್ಮವರ ಮೇಜಿನ ಈಗಿನ ಏರ್ಪಾಡು ಇಷ್ಟು. ಬಲಗೈ ಕೆಳಗೆ `[` `]` ಬದಲಿಸಿದ ಕೀಲಿಮಣೆ. ಅದರ ಬಲಕ್ಕೆ ಆರು ಗುಂಡಿಯ ಪ್ಯಾಡ್, ನಾಲ್ಕಕ್ಕೆ ಕ್ರಯಪತ್ರದ ಭಾಗಗಳು, ಎರಡಕ್ಕೆ ಉಳಿಸು ಮತ್ತು ಪ್ರಿಂಟ್. ಎಡಗಡೆ ಅಂಗೈಯಗಲದ ಒಂದೇ ಒಂದು ದೊಡ್ಡ ಯುಎಸ್‌ಬಿ ಗುಂಡಿ, ಎಡ ಮುಷ್ಟಿ ಇಳಿಸಿದರೆ ಶಿಫ್ಟ್. ಈ ಕೊನೆಯದು ಮೊದಲ ದಿನ ಕೆಲಸ ಮಾಡಲಿಲ್ಲ. ಗುಂಡಿಗೆ `OSM(MOD_LSFT)` ಕೊಟ್ಟಿದ್ದರು. ಆ ಆಜ್ಞೆ ಮುಂದಿನ ಕೀಲಿಗಾಗಿ ಕಾಯುವುದು ಅದೇ ಸಾಧನದೊಳಗೆ. ಪಕ್ಕದ ಕೀಲಿಮಣೆಯಲ್ಲಿ ಬೆರಳು ಬಿದ್ದದ್ದು ಅದಕ್ಕೆ ಕಾಣುವುದೇ ಇಲ್ಲ. ಗುಂಡಿಗೆ ಬರೀ ಶಿಫ್ಟ್ ಕೊಟ್ಟು, ಅಂಟಿಸುವ ಕೆಲಸವನ್ನು ವಿಂಡೋಸ್‌ನ ಸ್ಟಿಕಿ ಕೀಸ್‌ಗೆ ಬಿಟ್ಟ ಮೇಲೆ ಸರಿಹೋಯಿತು. ಕಾಲಿನಿಂದ ಒತ್ತುವ ಯುಎಸ್‌ಬಿ ಪೆಡಲ್ ಬಳಸುವವರಿಗೂ ಇದೇ ನಿಯಮ.

ಎರಡನೆಯ ಸಾಧನವೆಂದು ಸಾಮಾನ್ಯ ನಂಬರ್ ಪ್ಯಾಡ್ ಕೊಳ್ಳುವ ಯೋಚನೆಯಿದ್ದರೆ ಇದನ್ನು ನೆನಪಿಡಿ: ಯಾವ ಕೀಲಿಮಣೆಯಿಂದ ಸಂಖ್ಯೆ ಬಂತೆಂದು ಆಟೋಹಾಟ್‌ಕೀ ತಾನಾಗಿ ಬೇರ್ಪಡಿಸಲಾರದು. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿಗೆ ಅದು ಸಾಕು. ಇರುವ ಕೀಲಿಮಣೆಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಆಗುತ್ತವೆ, ಮೊತ್ತ ಬರೆಯಲು 7 ಒತ್ತಿದಾಗ ಚಕ್ಕುಬಂದಿ ಬಂದೀತು.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಅಂಗವಿಕಲ ನೌಕರರಿಗೆ ಇವನ್ನೆಲ್ಲ ಕೈಯಿಂದ ಕಾಸು ಹಾಕಿ ಕೊಳ್ಳಬೇಕಾದ ಹಂಗಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 20ನೆಯ ಕಲಮಿನ ಎರಡನೆಯ ಉಪಕಲಂ, ಪ್ರತಿ ಸರ್ಕಾರಿ ಸಂಸ್ಥೆಯೂ ಅಂಗವಿಕಲ ನೌಕರರಿಗೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದು ವಿಧಿಸುತ್ತದೆ. ಕೇಳುವಾಗ ಬಾಯಿಮಾತಿನಲ್ಲಿ ಕೇಳಬೇಡಿ. ‘ವಿಶೇಷ ಕೀಬೋರ್ಡ್ ಕೊಡಿ’ ಎಂದೂ ಬರೆಯಬೇಡಿ, ಆ ಅರ್ಜಿ ಖರೀದಿ ವಿಭಾಗಕ್ಕೆ ಹೋಗಿ ಅಲ್ಲೇ ಕೂರುತ್ತದೆ. ವಯಾ ಬೆಂಬಲವಿರುವ ಕೀಲಿಮಣೆ ಒಂದು, ಸ್ಟಿಕಿ ಕೀಸ್ ಸದಾ ಆನ್ ಇಡಲು ಅನುಮತಿ, ಆಟೋಹಾಟ್‌ಕೀ ಹಾಕಲು ಅನುಮತಿ ಎಂದು ಬೇಕಾದ್ದನ್ನು ಒಂದೊಂದಾಗಿ ಹೆಸರಿಸಿ, ಕಲಮನ್ನು ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳಿ.